ಪರದೆ ಎಳೆಯದೆ ಪಾಠ: ತರಗತಿಯ ಕಿಟಕಿ ಎಷ್ಟೆತ್ತರ, ಯಾವ ದಿಕ್ಕಿಗೆ?

ಹೊರಗೆ ನಡುಹಗಲಿನ ಬಿಸಿಲಿದ್ದರೂ ಪರದೆ ಎಳೆದು, ಟ್ಯೂಬ್‌ಲೈಟ್ ಹಾಕಿಕೊಂಡು ಪಾಠ ನಡೆಸುವ ತರಗತಿಗಳಿವೆ. ಅಂಥ ಕೋಣೆಗಳನ್ನು ಅಳೆದು ನೋಡಿದರೆ ಗಾಜಿಗೇನೂ ಕೊರತೆ ಇರುವುದಿಲ್ಲ. ಕೊರತೆ ಇರುವುದು ಗಾಜು ಕೂತ ಜಾಗದಲ್ಲಿ. ಅದು ಬಹಳ ಕೆಳಗಿದೆ, ಇಲ್ಲವೇ ತಪ್ಪು ದಿಕ್ಕಿಗಿದೆ, ಇಲ್ಲವೇ ಬೋರ್ಡಿನ ಪಕ್ಕಕ್ಕೇ ಬಂದು ನಿಂತಿದೆ. ಕಿಟಕಿ ಪಕ್ಕದ ಮಗುವಿನ ಕಣ್ಣು ಕುಕ್ಕುತ್ತದೆ, ಯಾರೋ ಎದ್ದು ಪರದೆ ಎಳೆಯುತ್ತಾರೆ, ಒಳಗಿನ ಸಾಲು ಕತ್ತಲಾಗುತ್ತದೆ, ಲೈಟು ಹಾಕುತ್ತಾರೆ. ಒಮ್ಮೆ ಎಳೆದ ಪರದೆಯನ್ನು ಸಂಜೆಯವರೆಗೆ ಯಾರೂ ಸರಿಸುವುದಿಲ್ಲ.

ವಿಷಯ ಸ್ಪಷ್ಟವಾಗಲು ಒಂದೇ ಕೋಣೆಯನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಕಿಟಕಿ ಇರುವ ಗೋಡೆಯ ಉದ್ದ 8 ಮೀಟರ್, ಆ ಗೋಡೆಯಿಂದ ಎದುರು ಗೋಡೆಗೆ 7 ಮೀಟರ್, ನೆಲದಿಂದ ಸ್ಲ್ಯಾಬಿಗೆ 3.2 ಮೀಟರ್. ಡೆಸ್ಕಿನ ಎತ್ತರ 70 ಸೆಂ.ಮೀ. ಕಿಟಕಿಯ ಎದುರಿಗೆ 12 ಮೀಟರ್ ದೂರದಲ್ಲಿ 7 ಮೀಟರ್ ಎತ್ತರದ ಇನ್ನೊಂದು ಕಟ್ಟಡವಿದೆ. ಜಾಗ ಉತ್ತರ ಅಕ್ಷಾಂಶ 15 ಡಿಗ್ರಿಯಲ್ಲಿದೆ ಎಂದುಕೊಳ್ಳೋಣ. ಸಮಭಾಜಕದ ದಕ್ಷಿಣಕ್ಕಿರುವವರು ಮುಂದೆ ಬರುವ ಉತ್ತರ, ದಕ್ಷಿಣಗಳನ್ನು ಅದಲುಬದಲು ಮಾಡಿ ಓದಿಕೊಳ್ಳಬೇಕು, ತಿಂಗಳುಗಳನ್ನೂ ಅಷ್ಟೆ.

ಆಳಕ್ಕೆ ಬೆಳಕು ಒಯ್ಯುವುದು ಕಿಟಕಿಯ ತಲೆ

ಬಾಗಿಲಿನ ಲಿಂಟೆಲ್ ಮಟ್ಟಕ್ಕೇ ಕಿಟಕಿಯನ್ನೂ ನಿಲ್ಲಿಸುವುದು ರೂಢಿ. ಒಂದೇ ಮಟ್ಟದಲ್ಲಿ ಕಾಂಕ್ರೀಟು ಹಾಕಿದರೆ ಕೆಲಸ ಸುಲಭ, ನೋಡುವುದಕ್ಕೂ ಒಂದು ಗೆರೆ ಸಿಗುತ್ತದೆ. ಹಾಗೆ ಮಾಡಿದಾಗ ಸಿಲ್ 90 ಸೆಂ.ಮೀ.ಗೂ ಕಿಟಕಿಯ ತಲೆ 2.1 ಮೀಟರಿಗೂ ಬರುತ್ತದೆ. ನಮ್ಮ ಕೋಣೆಯ ಅರ್ಧ ತೊಂದರೆ ಹುಟ್ಟುವುದು ಇಲ್ಲೇ.

ಕಿಟಕಿಯಿಂದ ಬರುವ ಹಗಲು ಬೆಳಕು ಉಪಯೋಗಕ್ಕೆ ಬರುವುದು ಕಿಟಕಿಯ ತಲೆಯ ಎತ್ತರದ ಒಂದೂವರೆ ಪಟ್ಟು, ಹೆಚ್ಚೆಂದರೆ ಎರಡು ಪಟ್ಟು ಆಳದವರೆಗೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. 2.1 ಮೀಟರಿನ ತಲೆಗೆ ಇದು 3.2ರಿಂದ 4.2 ಮೀಟರ್. ಅಂದರೆ 7 ಮೀಟರ್ ಆಳದ ಕೋಣೆಯ ಕೊನೆಯ ಸಾಲುಗಳು ಲೆಕ್ಕಕ್ಕೇ ಸಿಗುವುದಿಲ್ಲ. ಕಿಟಕಿಯನ್ನು ಎಷ್ಟೇ ಅಗಲ ಮಾಡಿ, ಈ ಆಳ ಹೆಚ್ಚು ಬದಲಾಗದು. ಕಿಟಕಿಯ ಪಕ್ಕದ ಸಾಲಿಗೆ ಮಾತ್ರ ಇನ್ನಷ್ಟು ಬೆಳಕು ಸುರಿಯುತ್ತದೆ. ಆಗ ಒಳಗಿನ ಸಾಲು ಮೊದಲಿಗಿಂತಲೂ ಮಂಕಾಗಿ ಕಾಣುತ್ತದೆ, ಏಕೆಂದರೆ ಕಣ್ಣು ಹೊಂದಿಕೊಳ್ಳುವುದು ಎದುರಿಗಿರುವ ಪ್ರಖರ ಭಾಗಕ್ಕೆ.

ಕಾರಣ ಸರಳ. ಡೆಸ್ಕಿನ ಮೇಲೆ ತಲೆಯಿಟ್ಟು ಕಿಟಕಿಯತ್ತ ನೋಡಿದರೆ ಆಕಾಶದ ಒಂದು ತುಂಡಾದರೂ ಕಾಣಬೇಕು. ಕಾಣದಿದ್ದರೆ ಆ ಡೆಸ್ಕಿಗೆ ನೇರ ಬೆಳಕಿಲ್ಲ. ಎದುರು ಗೋಡೆಯಿಂದಲೋ ಕೋಣೆಯ ಛಾವಣಿಯಿಂದಲೋ ಮರಳಿ ಬಂದದ್ದೇ ಗತಿ. ಆಕಾಶ ಕಾಣುವುದು ನಿಲ್ಲುವ ಈ ಗೆರೆ ಎಲ್ಲಿ ಬೀಳುತ್ತದೆಂದು ಹೋಲಿಕೆಯ ತ್ರಿಕೋನಗಳಿಂದ ಕಂಡುಹಿಡಿಯಬಹುದು. ಡೆಸ್ಕು ಕಿಟಕಿಯಿಂದ `d` ಮೀಟರ್ ಒಳಗಿದೆ ಎನ್ನಿ. ಕಿಟಕಿಯ ತಲೆ ಡೆಸ್ಕಿಗಿಂತ 1.4 ಮೀಟರ್ ಮೇಲೆ, ಎದುರು ಕಟ್ಟಡದ ತುದಿ 6.3 ಮೀಟರ್ ಮೇಲೆ. ಇವೆರಡೂ ಒಂದೇ ನೇರಕ್ಕೆ ಬಂದಾಗ ಆಕಾಶ ಮುಚ್ಚಿಹೋಗುತ್ತದೆ:

```
1.4 / d = 6.3 / (12 + d)    →  d = 3.4
2.2 / d = 6.3 / (12 + d)    →  d = 6.4
```

ಎರಡನೆಯ ಸಾಲು ಕಿಟಕಿಯ ತಲೆಯನ್ನು 2.9 ಮೀಟರಿಗೆ ಏರಿಸಿದಾಗಿನದು. ತಲೆ ಏರಿದ್ದು 80 ಸೆಂ.ಮೀ., ಆಕಾಶ ಕಾಣುವ ಗೆರೆ ಒಳಗೆ ಸರಿದದ್ದು 3 ಮೀಟರ್. ತರಗತಿಯ ಕಿಟಕಿಯಲ್ಲಿ ಒಂದೇ ಒಂದು ಬದಲಾವಣೆಗೆ ಅವಕಾಶ ಇದ್ದರೆ ಮಾಡಬೇಕಾದದ್ದು ಇದನ್ನೇ. ಲಿಂಟೆಲ್ ಬಿಟ್ಟು, ಸ್ಲ್ಯಾಬಿನ ಕೆಳಗಿನ 30 ಸೆಂ.ಮೀ. ಬೀಮೇ ಕಿಟಕಿಯ ತಲೆಯಾಗುವಂತೆ ಮಾಡಿದರೆ 2.9 ಮೀಟರ್ ತಾನಾಗಿ ಸಿಗುತ್ತದೆ.

ಸಿಲ್‌ನ ಮಾತು ಬೇರೆ. ಡೆಸ್ಕಿನ ಮಟ್ಟಕ್ಕಿಂತ ಕೆಳಗಿನ ಗಾಜು ನೆಲಕ್ಕೆ ಬೆಳಕು ಹಾಕೀತೇ ಹೊರತು ಪುಸ್ತಕದ ಮೇಲಲ್ಲ, ಸಾಲದ್ದಕ್ಕೆ ಸೆಕೆ ತರುತ್ತದೆ. ಸಿಲ್ಲನ್ನು ಒಂದೂವರೆ ಮೀಟರಿಗೆ ಏರಿಸಿದರೆ ಕೂತ ಮಗುವಿಗೆ ಹೊರಗಿನ ಮರಗಿಡವೂ ಕಾಣುವುದಿಲ್ಲ. ಕೂತಾಗ ಕಣ್ಣಿರುವುದು ಸುಮಾರು 1.1 ಮೀಟರಿನಲ್ಲಿ. ಹಾಗಾಗಿ 90 ಸೆಂ.ಮೀ. ಇರಲಿ.

ದಿಕ್ಕು: ಸಜ್ಜದ ಲೆಕ್ಕವೇ ತೀರ್ಪು ಹೇಳುತ್ತದೆ

ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಒಳಗಿನ ಪರದೆ ಕಣ್ಣನ್ನು ಕಾಪಾಡೀತು, ಆದರೆ ಅಷ್ಟು ಹೊತ್ತಿಗೆ ಶಾಖ ಒಳಗೆ ಬಂದಾಗಿರುತ್ತದೆ. ಹೊರಗಿನ ಸಜ್ಜ ಎಷ್ಟು ಮುಂದೆ ಚಾಚಬೇಕು ಎಂಬುದನ್ನು ನಿರ್ಧರಿಸುವುದು ಸೂರ್ಯನ ಎತ್ತರವಲ್ಲ, ಆ ಗೋಡೆಗೆ ಅಡ್ಡಲಾಗಿ ನಿಂತು ನೋಡಿದಾಗ ಬಿಸಿಲು ಇಳಿಯುವ ಕೋನ. ಇದಕ್ಕೆ ಲಂಬ ನೆರಳು ಕೋನ ಎನ್ನೋಣ. ಗಾಜಿನ ಎತ್ತರವನ್ನು ಈ ಕೋನದ ಟ್ಯಾನ್‌ನಿಂದ ಭಾಗಿಸಿದರೆ ಸಜ್ಜದ ಚಾಚು ಬಂತು.

1.2 ಮೀಟರ್ ಎತ್ತರದ ಗಾಜಿಗೆ ನಾಲ್ಕೂ ದಿಕ್ಕಿನ ಲೆಕ್ಕ ಹಾಕಿ ನೋಡಿ. ಉತ್ತರದ ಗೋಡೆಗೆ ಬಿಸಿಲು ಅತಿ ಹೆಚ್ಚು ಬೀಳುವುದು ಜೂನ್ 21ರ ಸುಮಾರಿಗೆ. ಅಂದು ಬೆಳಿಗ್ಗೆ 8 ಗಂಟೆಗೆ ನೆರಳು ಕೋನ 64 ಡಿಗ್ರಿ, ಸಜ್ಜ 58 ಸೆಂ.ಮೀ. ಇದ್ದರೆ ಸಾಕು. ದಕ್ಷಿಣಕ್ಕೆ ಕಷ್ಟದ ದಿನ ಡಿಸೆಂಬರ್ 21; 9 ಗಂಟೆಗೆ ಕೋನ 43.5 ಡಿಗ್ರಿ, ಸಜ್ಜ 1.27 ಮೀಟರ್ ಬೇಕು. ಪಶ್ಚಿಮಕ್ಕೆ ಮಾರ್ಚ್ 21ರ ಸಂಜೆ 4 ಗಂಟೆಗೆ ಕೋನ 29 ಡಿಗ್ರಿ, ಸಜ್ಜ 2.15 ಮೀಟರ್. ಪೂರ್ವಕ್ಕೂ ಅದೇ ಸಂಖ್ಯೆ, ಬೆಳಿಗ್ಗೆ 8ಕ್ಕೆ. ಮುಂದಿನ ಅರ್ಧ ಗಂಟೆಯಲ್ಲಿ ಪಶ್ಚಿಮದ ಸೂರ್ಯ ಇನ್ನೂ ಇಳಿಯುತ್ತಾನೆ. ಯಾವ ಸಜ್ಜವೂ ಅವನನ್ನು ಹಿಡಿಯಲಾರದು. ಪೂರ್ವ, ಪಶ್ಚಿಮದ ಗೋಡೆಗಳನ್ನು ಮೆಟ್ಟಿಲು, ಉಗ್ರಾಣ, ಶೌಚಾಲಯಗಳಿಗೆ ಬಿಟ್ಟು ತರಗತಿಯ ಕಿಟಕಿಗಳನ್ನು ಉತ್ತರ, ದಕ್ಷಿಣಕ್ಕೆ ತಿರುಗಿಸಬೇಕೆನ್ನುವುದು ಈ ಸಂಖ್ಯೆಗಳಿಂದಲೇ ಬಂದ ಮಾತು.

ಈ ಗಂಟೆಗಳೆಲ್ಲ ಸೂರ್ಯನ ಗಂಟೆಗಳು, ಗೋಡೆ ಗಡಿಯಾರದವಲ್ಲ ಎಂಬುದನ್ನು ಮರೆಯುವವರೇ ಹೆಚ್ಚು. ಗಡಿಯಾರದ ಸಮಯವನ್ನು ಲೆಕ್ಕ ಹಾಕುವ ರೇಖಾಂಶದಿಂದ ನಿಮ್ಮ ಊರು ಒಂದೊಂದು ಡಿಗ್ರಿ ಸರಿದಂತೆ 4 ನಿಮಿಷ ವ್ಯತ್ಯಾಸ ಬೀಳುತ್ತದೆ. ಅದರ ಮೇಲೆ ವರ್ಷದುದ್ದಕ್ಕೂ ಸೂರ್ಯನೇ ಹೆಚ್ಚೆಂದರೆ 16 ನಿಮಿಷ ಹಿಂದೆ ಮುಂದೆ ಆಗುತ್ತಾನೆ. ಎರಡೂ ಕೂಡಿಕೊಂಡರೆ ಕಾಗದದ ಮೇಲೆ ಸರಿಯಿದ್ದ ಸಜ್ಜ ಮೊದಲ ಪೀರಿಯಡ್ಡಿನಲ್ಲೇ ಸೋಲಬಹುದು.

ನಮ್ಮ ಕೋಣೆಯ ದೊಡ್ಡ ಕಿಟಕಿಯನ್ನು ಉತ್ತರಕ್ಕೆ ಇಡೋಣ: 90 ಸೆಂ.ಮೀ.ನಿಂದ 2.9 ಮೀಟರಿನವರೆಗೆ. ಇಲ್ಲೊಂದು ಸೂಕ್ಷ್ಮ ಇದೆ. 60 ಸೆಂ.ಮೀ. ಸಜ್ಜವನ್ನು ಕಿಟಕಿಯ ತಲೆಗೆ ಅಂಟಿಸಿದಂತೆ ಕಟ್ಟಿದರೆ, ನಾವು ಕಷ್ಟಪಟ್ಟು 6.4 ಮೀಟರಿಗೆ ತಳ್ಳಿದ ಆಕಾಶದ ಗೆರೆ 5.5 ಮೀಟರಿಗೆ ವಾಪಸು ಬರುತ್ತದೆ, ಏಕೆಂದರೆ ಈಗ ಆಕಾಶವನ್ನು ಕತ್ತರಿಸುವುದು ಸಜ್ಜದ ಅಂಚು. ಅದೇ ಸಜ್ಜವನ್ನು 30 ಸೆಂ.ಮೀ. ಮೇಲೆ, ಅಂದರೆ 3.2 ಮೀಟರಿನ ಸ್ಲ್ಯಾಬನ್ನೇ ಮುಂದೆ ಚಾಚಿ ಮಾಡಿದರೆ ಕಳೆದುಕೊಂಡದ್ದೆಲ್ಲ ಮರಳಿ ಸಿಗುತ್ತದೆ. ಹಾಗಾದರೆ ಬಿಸಿಲು ಒಳಗೆ ಬರದೆ? ಜೂನ್ 21ರ 8 ಗಂಟೆಗೆ ಗಾಜಿನ ಕೆಳಭಾಗಕ್ಕೆ ಬರುತ್ತದೆ. ಆದರೆ ಎಷ್ಟು ಕಡಿದಾಗಿ ಇಳಿಯುತ್ತದೆಂದರೆ ಡೆಸ್ಕಿನ ಮಟ್ಟದಲ್ಲಿ ಅದು ತಲುಪುವುದು ಕಿಟಕಿಯಿಂದ 62 ಸೆಂ.ಮೀ. ಒಳಗೆ. 9 ಗಂಟೆಯ ಹೊತ್ತಿಗೆ 14 ಸೆಂ.ಮೀ. ಮಾತ್ರ. ಗೋಡೆಗೂ ಮೊದಲ ಡೆಸ್ಕಿಗೂ ನಡುವೆ ಓಡಾಡಲು 70 ಸೆಂ.ಮೀ. ಬಿಟ್ಟರೆ ಒಂದು ಪುಸ್ತಕದ ಮೇಲೂ ಬಿಸಿಲು ಬೀಳುವುದಿಲ್ಲ. ನೆಲದ ಮೇಲಿನ ಬಿಸಿಲಿನ ಪಟ್ಟಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಕಾಗದ, ಬೋರ್ಡು, ಮುಖದ ಮೇಲೆ ಬೀಳುವ ಬಿಸಿಲಿಗೆ.

ದಕ್ಷಿಣದ ಕಡೆ ಕಾರಿಡಾರ್ ಇಟ್ಟರೆ ಅದೇ ಸಜ್ಜವಾಗುತ್ತದೆ. 2.1 ಮೀಟರ್ ಅಗಲದ, 2.25 ಮೀಟರ್ ಎತ್ತರದ ಕಾರಿಡಾರ್ ಛಾವಣಿ ಡಿಸೆಂಬರಿನ 8 ಗಂಟೆಯ ತಗ್ಗು ಬಿಸಿಲಲ್ಲೂ ಗೋಡೆಯ ನೆರಳನ್ನು 83 ಸೆಂ.ಮೀ. ಎತ್ತರದವರೆಗೆ ಇಳಿಸುತ್ತದೆ, 90 ಸೆಂ.ಮೀ. ಸಿಲ್‌ನ ಕಿಟಕಿ ಪೂರ್ತಿ ನೆರಳಲ್ಲಿರುತ್ತದೆ. ಆದರೆ ಕಾರಿಡಾರಿನೊಳಗಿನ ಕಿಟಕಿಯಿಂದ ಬೆಳಕೂ ಕಡಿಮೆ. ಉತ್ತರದ ಕಿಟಕಿ ಇತ್ತ ಕೊನೆಯ ಸಾಲಿಗೆ ತೋರಿಸುವುದು ಆಕಾಶದ ಒಂದು ಎಳೆಯನ್ನಷ್ಟೆ. ಆದ್ದರಿಂದ ಕಾರಿಡಾರ್ ಛಾವಣಿಯ ಮೇಲುಗಡೆ, 2.4ರಿಂದ 3 ಮೀಟರಿನವರೆಗೆ, ಗೋಡೆಯುದ್ದಕ್ಕೂ ವೆಂಟಿಲೇಟರ್ ಸಾಲು ಬೇಕು. ಅಲ್ಲಿ ಬೀಮು ಅಡ್ಡ ಬಂದರೆ ಅದನ್ನು ಸ್ಲ್ಯಾಬಿನ ಮೇಲುಗಡೆಗೆ ಕಟ್ಟಿಸಬಹುದು. ಈ 60 ಸೆಂ.ಮೀ. ಗಾಜಿಗೆ 63 ಸೆಂ.ಮೀ. ಸಜ್ಜ ಹಾಕಿದರೆ ಡಿಸೆಂಬರಿನಲ್ಲಿ 9 ಗಂಟೆಯಿಂದ ರಕ್ಷಣೆ ಸಿಗುತ್ತದೆ. ಶಾಲೆ 8ಕ್ಕೇ ಶುರುವಾಗುವುದಾದರೆ ಆ ಸಜ್ಜ ಸಾಲದು: ದಕ್ಷಿಣ ಗೋಡೆಯಿಂದ ಎರಡೂವರೆ ಮೀಟರ್ ಒಳಗಿನ ಡೆಸ್ಕುಗಳ ಮೇಲೆ ಬಿಸಿಲಿನ ಒಂದು ಪಟ್ಟಿ ಬಿದ್ದಿರುತ್ತದೆ. ಆಗ 90 ಸೆಂ.ಮೀ. ಚಾಚಬೇಕು.

ಕಾರಿಡಾರ್ ಛಾವಣಿಯ ಮೇಲ್ಮೈಗೆ ತಿಳಿ ಬಣ್ಣ ಬಳಿದರೆ ಅದರ ಮೇಲೆ ಬಿದ್ದ ಬಿಸಿಲು ವೆಂಟಿಲೇಟರಿನ ಮೂಲಕ ಒಳಗಿನ ಛಾವಣಿಗೆ ಚಿಮ್ಮುತ್ತದೆ. ಕೂತ ಮಕ್ಕಳ ಕಣ್ಣಿಗೆ ಆ ಮೇಲ್ಮೈ ಕಾಣುವುದೇ ಇಲ್ಲ, ಆದ್ದರಿಂದ ಕುಕ್ಕುವುದೂ ಇಲ್ಲ.

ಇದೆಲ್ಲ ಕಡಿಮೆ ಅಕ್ಷಾಂಶದ ಸುಖ. 45 ಡಿಗ್ರಿಯಲ್ಲಿ ಡಿಸೆಂಬರಿನ ನಡುಮಧ್ಯಾಹ್ನವೂ ಸೂರ್ಯ 21.6 ಡಿಗ್ರಿಗಿಂತ ಮೇಲೇರುವುದಿಲ್ಲ. ಅಲ್ಲಿ ದಕ್ಷಿಣದ ಕಿಟಕಿಗೆ ಸಜ್ಜವನ್ನಷ್ಟೇ ನಂಬುವಂತಿಲ್ಲ, ತಿರುಗಿಸಬಹುದಾದ ಪಟ್ಟಿಗಳು ಬೇಕೇ ಬೇಕು.

ಬಿಸಿಲಿಲ್ಲದೆಯೂ ಕಣ್ಣು ಕುಕ್ಕುತ್ತದೆ

ಉತ್ತರದ ಬೆಳಕು ಸೌಮ್ಯ, ಅಲ್ಲಿ ಕಣ್ಣು ಕುಕ್ಕುವ ಮಾತೇ ಇಲ್ಲ ಎಂಬ ನಂಬಿಕೆ ಇದೆ. ಸಂಖ್ಯೆಗಳು ಹಾಗೆ ಹೇಳುವುದಿಲ್ಲ. 300 ಲಕ್ಸ್ ಬೆಳಕು ಬಿದ್ದ ಬಿಳಿ ಕಾಗದದ ಹೊಳಪು ಚದರ ಮೀಟರಿಗೆ ಸುಮಾರು 76 ಕ್ಯಾಂಡೆಲಾ. ಅಷ್ಟೇ ಬೆಳಕಿನ ಕರಿಹಲಗೆಯದು 10ರ ಆಸುಪಾಸು. ನೆಲಕ್ಕೆ 10,000 ಲಕ್ಸ್ ಕೊಡುವ ಮೋಡದ ಆಕಾಶದ್ದು ಸರಾಸರಿ 3,200. ಅಂದರೆ ಕರಿಹಲಗೆಗೆ ತಗುಲಿದಂತೆ ಕಿಟಕಿ ಇದ್ದರೆ, ಅಕ್ಷರ ಓದುವ ಕಣ್ಣಿನ ಅಂಚಿನಲ್ಲೇ ಹಲಗೆಗಿಂತ ಮುನ್ನೂರು ಪಟ್ಟು ಹೊಳೆಯುವ ಒಂದು ಚೌಕ ನಿಂತಿರುತ್ತದೆ. ಎದುರು ಕಟ್ಟಡದ ಬಿಳಿ ಗೋಡೆಯ ಮೇಲೆ 50,000 ಲಕ್ಸ್ ಬಿಸಿಲು ಬಿದ್ದರೆ ಅದರ ಹೊಳಪು 11,000 ದಾಟುತ್ತದೆ. ಉತ್ತರದ ಕಿಟಕಿಯ ಎದುರಿಗಿರುವುದು ಆ ಕಟ್ಟಡದ ದಕ್ಷಿಣ ಮುಖ. ಅರ್ಧ ವರ್ಷಕ್ಕೂ ಮೀರಿ ಅದರ ಮೇಲೆ ಬಿಸಿಲಿರುತ್ತದೆ. ಆ ಗೋಡೆಗೆ ಮಾಸಲು ಬಣ್ಣ ಬಳಿಯುವುದು ಅಥವಾ ನಡುವೆ ಗಿಡ ಬೆಳೆಸುವುದು ಕಿಟಕಿಗೆ ಮಾಡುವ ಯಾವ ಉಪಚಾರಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಇಂಥಲ್ಲಿ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಫಿಲ್ಮ್ ಆಕಾಶದ ಹೊಳಪನ್ನು ಮೂರನೇ ಒಂದಕ್ಕೆ ಇಳಿಸಿದರೆ, ಡೆಸ್ಕಿನ ಮೇಲಿನ ಹಗಲು ಬೆಳಕನ್ನೂ ಮೂರನೇ ಒಂದಕ್ಕೇ ಇಳಿಸುತ್ತದೆ. ಮುನ್ನೂರು ಪಟ್ಟು ಎಂಬ ಅನುಪಾತ ಹಾಗೆಯೇ ಉಳಿಯಿತು, ಕೋಣೆ ಮಾತ್ರ ಕತ್ತಲಾಯಿತು.

ಅನುಪಾತ ಬದಲಾಗಬೇಕಾದರೆ ಕಿಟಕಿಯ ಸುತ್ತಲಿನ ಭಾಗ ಬೆಳಗಬೇಕು, ಅಥವಾ ಕಿಟಕಿ ನೋಟದಿಂದ ದೂರ ಸರಿಯಬೇಕು. ಮೊದಲನೆಯದಕ್ಕೆ ಕಿಟಕಿ ಇರುವ ಗೋಡೆ, ಚೌಕಟ್ಟು, ಗೋಡೆಯ ದಪ್ಪದ ಒಳಮೈ ಎಲ್ಲ ಹೊಳಪಿಲ್ಲದ ಬಿಳಿಯಾಗಿರಲಿ. ಕಪ್ಪು ಗ್ರಿಲ್ಲು ಆಕಾಶದ ಮುಂದೆ ಕಡ್ಡಿ ಕಡ್ಡಿಯಾಗಿ ಎದ್ದು ಕಾಣುತ್ತದೆ, ಬಿಳಿ ಗ್ರಿಲ್ಲು ಅಷ್ಟು ಕಾಣುವುದಿಲ್ಲ. ಎರಡನೆಯದು ಬೋರ್ಡು ಎಲ್ಲಿರಬೇಕು ಎಂಬ ಪ್ರಶ್ನೆ.

ಮಕ್ಕಳು ಪೂರ್ವಕ್ಕೆ ಮುಖ ಮಾಡಿ ಕೂರಲಿ, ಬೋರ್ಡು ಪೂರ್ವ ಗೋಡೆಯಲ್ಲಿರಲಿ. ಆಗ ಉತ್ತರದ ಮುಖ್ಯ ಬೆಳಕು ಎಡಗಡೆಯಿಂದ ಬರುತ್ತದೆ. ಬಲಗೈಯಲ್ಲಿ ಬರೆಯುವವರ ಕೈನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಎಡಗೈಯವರಿಗೆ ದಕ್ಷಿಣದ ವೆಂಟಿಲೇಟರ್ ಅಷ್ಟಿಷ್ಟು ನೆರವಾಗುತ್ತದೆ, ಎರಡು ಕಡೆಯಿಂದ ಬೆಳಕು ಬಂದಾಗ ನೆರಳು ತೆಳುವಾಗುತ್ತದಲ್ಲ. ಬೋರ್ಡಿನ ಗೋಡೆಯಲ್ಲಂತೂ ಕಿಟಕಿ ಕೂಡದು. ಹಿಂಬದಿಯ ಗೋಡೆಯಲ್ಲೂ ಬೇಡ: ಮಕ್ಕಳ ನೆರಳು ಅವರದೇ ಡೆಸ್ಕಿನ ಮೇಲೆ ಬೀಳುತ್ತದೆ, ಪಾಠ ಮಾಡುವವರ ಕಣ್ಣಿಗೆ ನೇರ ಕುಕ್ಕುತ್ತದೆ.

ಉಳಿದದ್ದು ಬೋರ್ಡಿನ ಮೇಲಿನ ಮಿರುಗು. ಕಿಟಕಿಯಿಂದ ದೂರದ ಬದಿಯಲ್ಲಿ, ಮುಂದಿನ ಸಾಲಿನಲ್ಲಿ ಕೂತವರಿಗೆ ಬೋರ್ಡಿನ ಒಂದು ಭಾಗ ಬೆಳ್ಳಗೆ ಮಿಂಚಿ ಅಕ್ಷರ ಅಳಿಸಿಹೋದಂತೆ ಕಾಣುತ್ತದೆ. ಬೋರ್ಡು ಅಲ್ಲಿ ಕನ್ನಡಿಯಂತೆ ವರ್ತಿಸುತ್ತದೆ. ನಮ್ಮ ಕೋಣೆಯಲ್ಲಿ ಕಿಟಕಿಯಿಂದ 6 ಮೀಟರ್, ಬೋರ್ಡಿನಿಂದ 2 ಮೀಟರ್ ದೂರ ಕೂತ ಮಗುವನ್ನು ತೆಗೆದುಕೊಳ್ಳಿ. ಬೋರ್ಡಿನ ಗೋಡೆಯಿಂದ 1 ಮೀಟರಿನಲ್ಲಿರುವ ಕಿಟಕಿಯ ಪ್ರತಿಬಿಂಬ ಆ ಮಗುವಿಗೆ ಬೋರ್ಡಿನ ಮೇಲೆ 63 ಡಿಗ್ರಿ ಓರೆಯಲ್ಲಿ ಕಾಣುತ್ತದೆ. ಬೆಳಕು ಓರೆಯಾದಷ್ಟೂ ಯಾವುದೇ ನಯವಾದ ಮೇಲ್ಮೈ ಹೆಚ್ಚು ಹೊಳೆಯುತ್ತದೆ; 60 ಡಿಗ್ರಿ ದಾಟಿದ ಮೇಲೆ ಈ ಏರಿಕೆ ಚುರುಕು. ಕಿಟಕಿ ಬೋರ್ಡಿನ ಗೋಡೆಯಿಂದ 2 ಮೀಟರ್ ಬಿಟ್ಟು ಶುರುವಾದರೆ ಓರೆ 56 ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದ 8 ಮೀಟರಿನ ಗೋಡೆಯಲ್ಲಿ ಮೊದಲ 2 ಮೀಟರ್ ಖಾಲಿ ಗೋಡೆ, ಆಮೇಲೆ 6 ಮೀಟರ್ ಕಿಟಕಿ. ಬೋರ್ಡಿನ ಮೇಲಂಚನ್ನು ನಾಲ್ಕೈದು ಡಿಗ್ರಿ ಮುಂದಕ್ಕೆ ಬಾಗಿಸಿದರೆ ಅದರಲ್ಲಿ ಕಿಟಕಿಯ ಮೇಲ್ಭಾಗದ ಬದಲು ಕೆಳಗಿನ ಮಂಕು ಭಾಗ ಪ್ರತಿಫಲಿಸುತ್ತದೆ. ಹೊಳಪಿನ ಬಿಳಿ ಬೋರ್ಡಿಗೆ ಇದು ಕರಿಹಲಗೆಗಿಂತ ಹೆಚ್ಚು ಅಗತ್ಯ.

ಕಟ್ಟಿದ ಕೋಣೆಯಲ್ಲಿ ಇದನ್ನು ಪರೀಕ್ಷಿಸಲು ಒಂದು ಕೈಗನ್ನಡಿ ಸಾಕು. ಒಬ್ಬರು ಕನ್ನಡಿಯನ್ನು ಬೋರ್ಡಿಗೆ ಚಪ್ಪಟೆಯಾಗಿ ಒತ್ತಿ ಹಿಡಿದು ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಲಿ, ಇನ್ನೊಬ್ಬರು ಒಂದೊಂದೇ ಡೆಸ್ಕಿನಲ್ಲಿ ಮಗುವಿನ ಕಣ್ಣಿನ ಎತ್ತರಕ್ಕೆ ಬಗ್ಗಿ ಕೂತು ನೋಡಲಿ. ಕನ್ನಡಿಯಲ್ಲಿ ಕಿಟಕಿ ಕಂಡಾಗಲೆಲ್ಲ ಆ ಡೆಸ್ಕಿನಿಂದ ಬೋರ್ಡಿನ ಆ ಜಾಗ ಮಿರುಗುತ್ತದೆ. ಲೈಟುಗಳನ್ನು ಹಾಕಿಯೂ ಒಮ್ಮೆ ನೋಡಬೇಕು, ತಪ್ಪಿತಸ್ಥ ಕೆಲವೊಮ್ಮೆ ಮುಂದಿನ ಟ್ಯೂಬ್‌ಲೈಟೇ ಆಗಿರುತ್ತದೆ.

ಬೆಳಕು ಸಾಕಾಗುತ್ತದೆಯೇ ಎಂದು ನೋಡಲು ಬಿಸಿಲಿನ ದಿನ ಬೇಡ, ಪೂರ್ತಿ ಮೋಡ ಕವಿದ ದಿನ ಬೇಕು. ಲೈಟು ಆರಿಸಿ, ಕೊನೆಯ ಸಾಲಿನ ಡೆಸ್ಕಿನ ಮೇಲೆ ಲಕ್ಸ್ ಮೀಟರ್ ಇಟ್ಟು ಓದಿ, ಅದೇ ನಿಮಿಷದಲ್ಲಿ ಹೊರಗೆ ಬಯಲಿನಲ್ಲೂ ಓದಬೇಕು. ಒಳಗಿನದು ಹೊರಗಿನದರ ಶೇ. 2ರಷ್ಟಿದ್ದರೆ, ಹೊರಗೆ 15,000 ಲಕ್ಸ್ ಇದ್ದಾಗ ಡೆಸ್ಕಿಗೆ 300 ಲಕ್ಸ್ ಸಿಗುತ್ತದೆ. ಓದು ಬರಹಕ್ಕೆ ಸಾಕು. ಬಿಸಿಲು ಎಲ್ಲೆಲ್ಲಿ ಬೀಳುತ್ತದೆಂದು ತಿಳಿಯಲು ಮಾರ್ಚ್, ಜೂನ್, ಡಿಸೆಂಬರ್ 21ರಂದು ಗಂಟೆಗೊಮ್ಮೆ ಬಿಸಿಲಿನ ಅಂಚಿಗೆ ಟೇಪ್ ಅಂಟಿಸಿ ಸಮಯ ಬರೆದಿಟ್ಟರಾಯಿತು.

ಕೊನೆಗೂ ಪರದೆ ಬೇಕಾದರೆ

ಪ್ರೊಜೆಕ್ಟರ್ ಇರುವ ಕೋಣೆಗೆ ಪರದೆ ತಪ್ಪುವುದಿಲ್ಲ. ಆಗ ಕಿಟಕಿಯನ್ನು 2.1 ಮೀಟರಿನಲ್ಲಿ ಅಡ್ಡಪಟ್ಟಿ ಹಾಕಿ ಎರಡು ಭಾಗ ಮಾಡಿ, ಮೇಲಿನದಕ್ಕೂ ಕೆಳಗಿನದಕ್ಕೂ ಬೇರೆ ಬೇರೆ ಪರದೆ ಕೊಡಬೇಕು. ಕಣ್ಣಿಗೆ ಎದುರಾಗುವುದು ಹೆಚ್ಚಾಗಿ ಕೆಳಭಾಗ, ಆಳಕ್ಕೆ ಬೆಳಕು ಒಯ್ಯುವುದು ಮೇಲ್ಭಾಗ. ಒಂದೇ ಉದ್ದ ಪರದೆ ಇದ್ದರೆ ಕೆಳಗಿನ ತೊಂದರೆಗಾಗಿ ಮೇಲಿನ ಬೆಳಕನ್ನೂ ಮುಚ್ಚಿದಂತಾಗುತ್ತದೆ. ಲೈಟುಗಳ ಸಾಲನ್ನು ಕಿಟಕಿಗೆ ಸಮಾನಾಂತರವಾಗಿ ಹಾಕಿ ಪ್ರತಿ ಸಾಲಿಗೆ ಪ್ರತ್ಯೇಕ ಸ್ವಿಚ್ ಕೊಟ್ಟರೆ ಮೋಡದ ದಿನ ಒಳಗಿನ ಸಾಲನ್ನಷ್ಟೇ ಹಾಕಿಕೊಳ್ಳಬಹುದು. ಬೋರ್ಡಿನ ಲೈಟಿಗೆ ಇನ್ನೊಂದು ಸ್ವಿಚ್ ಇರಲಿ.

ಈಗಾಗಲೇ ಪಶ್ಚಿಮಕ್ಕೆ ಕಿಟಕಿ ಇಟ್ಟು ಕಟ್ಟಿದ್ದನ್ನು ತಿರುಗಿಸಲಾಗದು. ಅಲ್ಲಿ ಹೊರಗಡೆ ನಿಂತ ಪಟ್ಟಿಗಳನ್ನು ಹಾಕುವಾಗ ತಿರುಗಿಸಲು ಬರುವಂಥವನ್ನೇ ಆರಿಸಬೇಕು. ಸಂಜೆ 4ರ ಸೂರ್ಯ ಜೂನ್‌ನಲ್ಲಿ ಪಶ್ಚಿಮಕ್ಕಿಂತ 18 ಡಿಗ್ರಿ ಉತ್ತರಕ್ಕಿರುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಸರಿದಿರುತ್ತಾನೆ. ಒಂದೇ ಕೋನಕ್ಕೆ ಭದ್ರವಾಗಿ ಕೂರಿಸಿದ ಪಟ್ಟಿ ಒಂದು ಕಾಲಕ್ಕೆ ನೆರಳಾದರೆ ಇನ್ನೊಂದು ಕಾಲಕ್ಕೆ ತೆರೆದ ಬಾಗಿಲು. ಅಂಥ ಕೋಣೆಯನ್ನು ಸಾಧ್ಯವಾದರೆ ಬೆಳಗಿನ ತರಗತಿಗಳಿಗೆ ಇಟ್ಟುಕೊಂಡು, ಮಧ್ಯಾಹ್ನ 2ರ ನಂತರ ಮಕ್ಕಳನ್ನು ಬೇರೆ ಕೋಣೆಗೆ ಕೂರಿಸುವ ವೇಳಾಪಟ್ಟಿ ಮಾಡಿದರೆ ಪಟ್ಟಿಯ ಖರ್ಚೂ ಉಳಿಯುತ್ತದೆ.